ವಾಳೂಜ್ ರಸ್ತೆಯ ಬಿಪಿ

ಸರೋಜಿನಿ ತುಂಬಿಕೊಟ್ಟ ಫಾರ್ಮು ವಾಪಸ್ ಬಂದದ್ದನ್ನು ಆ ಊರಿನಲ್ಲಿ ಯಾರೂ ನೋಡಿಲ್ಲ. ಊರು ಅಂದರೆ ಸಂಭಾಜಿನಗರ. ಆಗಿನ್ನೂ ಕಾಗದದ ಮೇಲೆ ಔರಂಗಾಬಾದ್. ಜಮಖಂಡಿ ಕಡೆಯಿಂದ ಬ್ಯಾಂಕಿನ ವರ್ಗಾವಣೆ ಮೇಲೆ ಬಂದ ಈ ಹೆಂಗಸು, ಹತ್ತೇ ವರ್ಷದಲ್ಲಿ ಅಲ್ಲಿನ ಕನ್ನಡದವರಿಗೆಲ್ಲ ಒಂದು ಕಚೇರಿಯೇ ಆಗಿಬಿಟ್ಟಿದ್ದಳು. ರೇಷನ್ ಕಾರ್ಡು, ಪಿಂಚಣಿ, ಮಕ್ಕಳ ಶಾಲೆ, ಗ್ಯಾಸಿನ ಹೆಸರು ಬದಲಾವಣೆ, ಯಾವುದಿದ್ದರೂ ಆಕೆಯ ಮನೆ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬರಬೇಕು.

"ಇಲ್ಲಿ 'ಇಲ್ಲ' ಅಂತ ಬರದ್ರ ಇನ್ನೊಂದು ಕಾಗದ ಕೇಳ್ತಾರ. 'ಅನ್ವಯಿಸುವುದಿಲ್ಲ' ಅಂತ ಬರೀರಿ. ಸುಮ್ಮನ ಮುಂದ ಹೋಗತೈತಿ," ಅನ್ನುತ್ತಿದ್ದಳು. ಸುಳ್ಳು ಬರೆಯುತ್ತಿದ್ದಳು ಅಂತ ಯಾರೂ ಹೇಳುವ ಹಾಗಿಲ್ಲ. ಸರ್ಕಾರಿ ಕಚೇರಿಯಲ್ಲಿ ಕೂತವನು ಏನು ಓದಬೇಕೆಂದು ಕೂತಿದ್ದಾನೋ ಅದು ಆಕೆಗೆ ಗೊತ್ತಿತ್ತು, ಅಷ್ಟೇ. ಮಂದಿ ಕೈ ಮುಗಿದು ಹೋಗುತ್ತಿದ್ದರು. ಆಕೆಗೂ ಅದರ ಬಗ್ಗೆ ಸ್ವಲ್ಪ ಜಂಬ ಇತ್ತು. ಇರಲಿ ಬಿಡಿ, ಯಾರಿಗಿರುವುದಿಲ್ಲ?

ಗಂಡ ರೇವಪ್ಪ ಕೇಂದ್ರ ಅಬಕಾರಿ ಇಲಾಖೆಯಲ್ಲಿದ್ದ. ಊರಾಚೆ ವಾಳೂಜಿನ ಕಾರ್ಖಾನೆಗಳಿಗೆ ಓಡಾಡುವ ಕೆಲಸ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಅವನಿಗೆ ಇದ್ದದ್ದು ಎರಡೇ: ಒಂದು ಬಿಪಿ, ಇನ್ನೊಂದು ಹಿಮದ ಹುಚ್ಚು. ಎರೆಮಣ್ಣಿನ ಸಪಾಟು ನೆಲದಲ್ಲಿ ಹುಟ್ಟಿದವನು, ಶಾಲೆಯಲ್ಲಿದ್ದಾಗ ಯಾವುದೋ ಕ್ಯಾಲೆಂಡರಿನಲ್ಲಿ ಹಿಮದ ಬೆಟ್ಟ ನೋಡಿ ಅದನ್ನು ಹರಿದು ಪುಸ್ತಕದಲ್ಲಿಟ್ಟುಕೊಂಡಿದ್ದನಂತೆ. ಮಗಳ ಮದುವೆ ಆಗಲಿ, ಮನೆ ಆಗಲಿ ಅಂತ ಮೂವತ್ತು ವರ್ಷ ಮುಂದೂಡಿದ. ಎರಡು ಸಾವಿರದ ಹನ್ನೊಂದರಲ್ಲಿ ನಾಶಿಕದ ಒಂದು ಟ್ರೆಕಿಂಗ್ ಕ್ಲಬ್ಬು ಜೂನ್ ತಿಂಗಳಲ್ಲಿ ಮನಾಲಿ ಮೇಲಿನ ಹಂಪ್ಟಾ ಕಣಿವೆಗೆ ಹೊರಟಿದೆ ಅಂತ ಗೊತ್ತಾಯಿತು. ನಾಲ್ಕು ಸಾವಿರದ ಇನ್ನೂರು ಮೀಟರಿಗೂ ಮೇಲೆ ಹೋಗಿ ಹಿಮದ ಮೇಲೆ ನಿಲ್ಲುವುದು. ಆದರೆ ಕ್ಲಬ್ಬಿನ ಕಟ್ಟುನಿಟ್ಟು: ಐವತ್ತೈದು ತುಂಬಿದ ಹೊಸಬರನ್ನು ಕರೆದೊಯ್ಯುವುದಿಲ್ಲ. ರೇವಪ್ಪನಿಗೆ ಆಗಸ್ಟಿನಲ್ಲಿ ಐವತ್ತೈದು ತುಂಬುತ್ತಿತ್ತು.

"ಈ ಸಲ ಇಲ್ಲಂದ್ರ ಮುಗೀತು ಸರೂ," ಅಂದ. ಅಷ್ಟೇ ಅಂದದ್ದು. ಆದರೆ ಆವತ್ತು ಊಟಕ್ಕೆ ಕೂತವನು ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಬಿಟ್ಟದ್ದನ್ನು ಸರೋಜಿನಿ ನೋಡಿದಳು. ಇವರನ್ನ ಕಳಿಸೇ ತೀರಬೇಕು ಅಂತ ಆಗಲೇ ಮನಸ್ಸು ಮಾಡಿದಳು. ತಾನೂ ಜೊತೆಗೆ ಹೋಗುವುದು ಅಂತಲೂ ಆಯಿತು.

ಕ್ಲಬ್ಬಿನವರು ಡಾಕ್ಟರ ಸಹಿ ಇಲ್ಲದೆ ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಆ ಡಾಕ್ಟರು ನಾಶಿಕದ ಪಂಚವಟಿಯಲ್ಲಿದ್ದರು, ಸ್ವತಃ ಇಪ್ಪತ್ತು ವರ್ಷ ಬೆಟ್ಟ ಹತ್ತಿದವರು. ಏಪ್ರಿಲ್ ನಡುವಿನಲ್ಲಿ ಗಂಡಹೆಂಡತಿ ಮನ್ಮಾಡ್ ಮೇಲೆ ರೈಲು ಹಿಡಿದು ನಾಶಿಕಕ್ಕೆ ಹೋದರು. ಡಾಕ್ಟರು ಇಸಿಜಿ ತೆಗೆಸಿದರು, ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿದರು, ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಎಲ್ಲ ಚೆನ್ನಾಗಿತ್ತು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಹಿಂದಿಯಲ್ಲಿ ಹೇಳಿದರು:

"ಬಿಪಿ ಇದ್ದವರು ಬೆಟ್ಟಕ್ಕೆ ಹೋಗಬಾರದು ಅಂತ ನಾನು ಹೇಳುವುದಿಲ್ಲ. ಹಿಡಿತದಲ್ಲಿರುವ ಬಿಪಿ ಬೇರೆ, ಹಿಡಿತ ತಪ್ಪಿದ ಬಿಪಿ ಬೇರೆ. ಮೂರೂವರೆ ಸಾವಿರ ಮೀಟರ್ ಮೇಲೆ ಗಾಳಿಯ ಒತ್ತಡ ಇಲ್ಲಿನ ಮೂರರಲ್ಲಿ ಎರಡು ಪಾಲು ಅಷ್ಟೇ. ಒಂದೊಂದು ಉಸಿರಿಗೂ ಪ್ರಾಣವಾಯು ಕಡಿಮೆ ಸಿಗುತ್ತದೆ. ಶರೀರ ಗಾಬರಿ ಬೀಳುತ್ತದೆ, ಎದೆ ಜೋರಾಗಿ ಬಡಿಯುತ್ತದೆ, ರಕ್ತನಾಳ ಬಿಗಿಯುತ್ತವೆ. ಮೊದಲ ಕೆಲವು ದಿನ ಎಲ್ಲರಿಗೂ ಬಿಪಿ ಏರುತ್ತದೆ. ಕೆಳಗೆ ನೂರಾ ಮೂವತ್ತು ಇದ್ದವನಿಗೆ ಮೇಲೆ ನೂರೈವತ್ತಾದರೆ ತಡೆದುಕೊಳ್ಳುತ್ತಾನೆ. ಕೆಳಗೇ ನೂರೈವತ್ತು ಇದ್ದವನು ಮೇಲೆ ಎಲ್ಲಿಗೆ ಹೋಗಿ ನಿಲ್ಲುತ್ತಾನೆ, ಅದು ನನಗೂ ಗೊತ್ತಿಲ್ಲ, ದೇವರಿಗೂ ಗೊತ್ತಿಲ್ಲ."

ಒಂದು ನೋಟುಬುಕ್ಕು ಕೊಟ್ಟರು. ನಾಲ್ಕು ವಾರ, ದಿನಕ್ಕೆರಡು ಸಲ: ಬೆಳಿಗ್ಗೆ ಬಿಪಿ ಗುಳಿಗೆಗೆ ಮುಂಚೆ, ಸಂಜೆ ಊಟಕ್ಕೆ ಮುಂಚೆ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು, ಮಾತಾಡಬಾರದು. ಬಂದದ್ದನ್ನು ಬಂದ ಹಾಗೆ ಬರೆಯಬೇಕು. "ನನ್ನ ಕಣ್ಣು ಇದೇ," ಅಂತ ನೋಟುಬುಕ್ಕಿನ ಮೇಲೆ ಬೆರಳು ಕುಟ್ಟಿದರು.

ಮನೆಗೆ ಬಂದ ಮೇಲೆ ಬರೆಯುವ ಕೆಲಸ ಯಾರದು? ಕೇಳಬೇಕೇ? ರೇವಪ್ಪ ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಕೂರುತ್ತಿದ್ದ. ತೋಳಿನ ಪಟ್ಟಿ ಗುರ್ ಅಂತ ಉಬ್ಬಿ, ಬಿಗಿದು, ಟುಸ್ ಅಂತ ಇಳಿಯುವ ತನಕ ಕಣ್ಣು ತೆರೆಯುತ್ತಿರಲಿಲ್ಲ. ಮಿಷನ್ನಿನ ಮುಖ ಸರೋಜಿನಿ ಕಡೆಗೆ. ಆಕೆ "ಚಲೋ ಐತ್ರಿ" ಅಂದ ಮೇಲೇ ಆತ ಏಳುತ್ತಿದ್ದುದು.

ಮೊದಲ ಸಂಜೆ ಬಂದದ್ದು ನೂರಾ ಐವತ್ತೆರಡು, ತೊಂಬತ್ತಾರು.

ಪೆನ್ನು ಹಿಡಿದ ಕೈ ನಿಂತಿತು. ಆಗಷ್ಟೇ ಮನುಷ್ಯ ವಾಳೂಜಿನಿಂದ ಸ್ಕೂಟರ್ ಮೇಲೆ ಬಂದಿದ್ದಾನೆ. ಆ ಲಾರಿಗಳು, ಆ ಧೂಳು, ಪಾಳಿ ಬಿಟ್ಟ ಜನ. ಇದು ವಾಳೂಜ್ ರಸ್ತೀದ ಬಿಪಿ, ಇವರದಲ್ಲ, ಅಂದುಕೊಂಡಳು. ಬೆಟ್ಟದ ಮೇಲೆ ವಾಳೂಜ್ ಎಲ್ಲಿಂದ ಬರಬೇಕು? ರಸ್ತೆಯ ಪಾಲು ತೆಗೆದು ನೂರಾ ಮೂವತ್ತೆರಡು, ಎಂಬತ್ನಾಲ್ಕು ಅಂತ ಬರೆದಳು. ಮರುದಿನ ಬೆಳಿಗ್ಗೆ ನೂರಾ ನಲವತ್ತಾರು ಬಂತು. ರಾತ್ರಿ ನಿದ್ದೆ ಸರಿ ಆಗಿಲ್ಲ, ಸೆಕೆ. ಅದರ ಪಾಲನ್ನೂ ತೆಗೆದಳು. ನಾಲ್ಕು ವಾರ ಹೀಗೇ ನಡೆಯಿತು. ಒಂದು ಸಂಖ್ಯೆಯೂ ಕಣ್ಣಿಗೆ ಹೊಡೆಯದಂತೆ, ಒಂದು ದಿನ ನೂರಾ ಇಪ್ಪತ್ತೆಂಟು, ಒಂದು ದಿನ ನೂರಾ ಮೂವತ್ನಾಲ್ಕು, ಎಲ್ಲೂ ಒಂದೇ ಅಂಕಿ ಸಾಲಾಗಿ ಎರಡು ಸಲ ಬರದ ಹಾಗೆ ನಾಜೂಕಾಗಿ ಬರೆದಳು. ಅದೊಂದು ಫಾರ್ಮು. ವಾಪಸ್ ಬರಬಾರದು.

ಮೇ ನಡುವಿನಲ್ಲಿ ಡಾಕ್ಟರು ನೋಟುಬುಕ್ಕು ತಿರುವಿದರು. ಅವರೇ ಅಲ್ಲಿ ಅಳೆದಾಗ ನೂರಾ ನಲವತ್ತೆಂಟು ಬಂತು. ಡಾಕ್ಟರು ನಕ್ಕರು. "ನಮ್ಮ ಬಿಳಿ ಕೋಟು ನೋಡಿದರೆ ಹಲವರಿಗೆ ಹೀಗಾಗುತ್ತದೆ. ಮನೆಯ ಅಂಕಿಯೇ ಖರೆ. ಗುಳಿಗೆ ಬದಲಾಯಿಸುವುದು ಬೇಡ, ಇದೇ ಇರಲಿ." ಸಹಿ ಹಾಕಿದರು. ಗುಳಿಗೆ ಒಂದು ದಿನವೂ ತಪ್ಪಬಾರದು, ಒಯ್ಯುವ ಗುಳಿಗೆಗಳನ್ನು ಎರಡು ಕಡೆ ಹಂಚಿ ಒಂದು ಪಾಲು ಮೈಮೇಲಿನ ಚೀಲದಲ್ಲೇ ಇರಬೇಕು, ನೀರು ಕುಡಿಯುತ್ತಿರಬೇಕು, ಉಪ್ಪಿನಕಾಯಿ ಹಪ್ಪಳ ಬೇಡ, ಮೈಕೈ ನೋವಿಗೆ ಕಂಡ ಕಂಡ ಗುಳಿಗೆ ನುಂಗಬೇಡಿ, ಕೆಲವು ನೋವಿನ ಗುಳಿಗೆ ಬಿಪಿ ಏರಿಸುತ್ತವೆ ಅಂತೆಲ್ಲ ಹೇಳಿದರು. ಸರೋಜಿನಿ ಒಂದೂ ಬಿಡದೆ ಬರೆದುಕೊಂಡಳು, ಒಂದೂ ಬಿಡದೆ ಪಾಲಿಸಿದಳು. ಇದೇ ನೋಡಿ ನನಗೆ ಸಿಟ್ಟು ಬರುವುದು. ಉಳಿದದ್ದೆಲ್ಲ ಅಷ್ಟು ಶ್ರದ್ಧೆಯಿಂದ ಮಾಡಿದ ಹೆಂಗಸು ಅದೊಂದನ್ನು ಮಾತ್ರ ಯಾಕೆ ಹಾಗೆ ಮಾಡಿದಳು!

ನಾಶಿಕದ ರೈಲು ನಿಲ್ದಾಣದಲ್ಲಿ ಸಹಿ ಬಿದ್ದ ಕಾಗದ ಹಿಡಿದು ರೇವಪ್ಪ ಸಣ್ಣ ಹುಡುಗನ ಹಾಗೆ ನಕ್ಕ. "ಸರೂ, ನನ್ನ ಬಿಪಿ ನೂರಾ ಮೂವತ್ತಂತ! ಗುಳಿಗಿ ಬಿಟ್ಟರೂ ನಡೀತಿತ್ತೇನೊ."

"ಹುಚ್ಚ ಇದ್ದೀರೇನು? ಗುಳಿಗಿ ಒಂದಿನಾನೂ ಬಿಡೂದಿಲ್ಲ," ಅಂತ ಆಕೆ ಗದರಿದ ರೀತಿಗೆ ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಆ ಕ್ಷಣದಿಂದ ಆಕೆಯ ಎದೆಯಲ್ಲಿ ಒಂದು ಹೆದರಿಕೆ ಕೂತಿತು. ಆಮೇಲೆ ಏಳಲಿಲ್ಲ.

ಜೂನ್ ಎರಡನೇ ವಾರ ಮನಾಲಿ. ಅಲ್ಲಿ ಎರಡು ದಿನ ಸುಮ್ಮನಿದ್ದು ಮೈ ಒಗ್ಗಿಸಿಕೊಂಡರು. ತಂಡದ ಮುಖ್ಯಸ್ಥೆ ಪ್ರಾಚಿ, ನಾಶಿಕದವಳು, ಮೂವತ್ತರ ಒಳಗಿನ ಹುಡುಗಿ, ಬೆಟ್ಟದ ಪ್ರಥಮ ಚಿಕಿತ್ಸೆ ಕಲಿತವಳು. ದಿನಾ ಸಂಜೆ ಎಲ್ಲರ ನಾಡಿ, ಉಸಿರು, ಬಿಪಿ ನೋಡಿ ಬರೆದುಕೊಳ್ಳುತ್ತಿದ್ದಳು. ಸರೋಜಿನಿ ತನ್ನದೇ ಮಿಷನ್ನು ತಂದದ್ದು ನೋಡಿ ಆಕೆಗೆ ಸಮಾಧಾನವಾಯಿತು. ಮರಾಠಿ ರೂಢಿಯಂತೆ ಈಕೆಯನ್ನು ಕಾಕೂ, ಅಂದರೆ ಚಿಕ್ಕಮ್ಮ, ಅಂತ ಕರೆಯುತ್ತಿದ್ದಳು. "ಕಾಕೂ, ಕಾಕಾಂದು ನೀವೇ ನೋಡಿ ನನಗೆ ಹೇಳಿಬಿಡಿ. ಬ್ಯಾಂಕಿನವರು, ನಿಮ್ಮ ಲೆಕ್ಕ ತಪ್ಪುತ್ತದೆಯೇ?"

ಮೂರು ಸಾವಿರದ ನೂರು ಮೀಟರಿನ ಮೊದಲ ಕ್ಯಾಂಪಿನಲ್ಲಿ, ಹೊಳೆ ಪಕ್ಕದ ಡೇರೆಯೊಳಗೆ, ಮಿಷನ್ನು ನೂರಾ ಅರವತ್ನಾಲ್ಕು, ನೂರಾ ಎರಡು ಅಂತ ತೋರಿಸಿತು. ರೇವಪ್ಪ ಕಣ್ಣು ಮುಚ್ಚಿಯೇ ಇದ್ದ. ಸರೋಜಿನಿಯ ಕಿವಿಯಲ್ಲಿ ಡಾಕ್ಟರ ಮಾತು ಕೇಳಿಸಿತು: ಎಲ್ಲಿಗೆ ಹೋಗಿ ನಿಲ್ಲುತ್ತಾನೆ ಅದು ನನಗೂ ಗೊತ್ತಿಲ್ಲ. ಈಗ ಹೇಳಿದರೆ? ನಾಳೆ ಬೆಳಿಗ್ಗೆ ಕೆಳಗೆ ಕಳಿಸುತ್ತಾರೆ. ಮೂವತ್ತು ವರ್ಷದ ಆಸೆ ಮೊದಲ ಕ್ಯಾಂಪಿನಲ್ಲೇ ಮುಗಿಯುತ್ತದೆ. ಹೇಳದಿದ್ದರೆ?

"ಎಷ್ಟೈತಿ?" ಅಂದ ರೇವಪ್ಪ.

"ಚಲೋ ಐತ್ರಿ."

ಪ್ರಾಚಿಗೆ ನೂರಾ ಮೂವತ್ತಾರು, ಎಂಬತ್ತೆಂಟು ಅಂದಳು. ಪ್ರಾಚಿ ಬರೆದುಕೊಂಡಳು. ಎಷ್ಟು ಸಲೀಸಾಗಿ ಬರೆದುಕೊಂಡಳು ಅಂದರೆ ಸರೋಜಿನಿಗೆ ಅಲ್ಲೇ ಕೂಗಬೇಕು ಅನ್ನಿಸಿತು, ನನ್ನ ನಂಬಬ್ಯಾಡವ್ವಾ ಅಂತ. ಕೂಗದೆ ಡೇರೆಗೆ ಮರಳಿದಳು. ಮಲಗಿದವನ ಉಸಿರನ್ನು ಎಣಿಸುತ್ತ ಕೂತಳು.

ಮರುದಿನ ಮೂರು ಸಾವಿರದ ಆರುನೂರು ಮೀಟರಿನ ಕ್ಯಾಂಪಿಗೆ ನಡಿಗೆ. ಬಿಸಿಲು ಚೆನ್ನಾಗಿತ್ತು, ದೂರದಲ್ಲಿ ಹಿಮ ಕಾಣುತ್ತಿತ್ತು. ರೇವಪ್ಪ ಮೊದಮೊದಲು ಕೈ ತೋರಿಸಿ ತೋರಿಸಿ ಖುಷಿಪಟ್ಟ. ಹತ್ತು ಗಂಟೆಗೆ ಮಾತು ನಿಂತಿತು. ಹನ್ನೊಂದಕ್ಕೆ ಹತ್ತು ಹೆಜ್ಜೆಗೊಮ್ಮೆ ಕೋಲು ಊರಿ ನಿಲ್ಲತೊಡಗಿದ. ಹಿಂದಲೆ ಸಿಡಿಯುತ್ತದೆ ಅಂದ. ಕ್ಯಾಂಪು ಮುಟ್ಟಿದಾಗ ಮಧ್ಯಾಹ್ನ ಒಂದು ದಾಟಿತ್ತು. ಒಂದು ಬಂಡೆಯ ಮೇಲೆ ಕೂತವನು ಕಣ್ಣುಜ್ಜಿಕೊಂಡ.

"ಸರೂ, ಆ ಹುಡುಗಿ ಮಾರಿ ಎರಡೆರಡು ಕಾಣಸ್ತದ."

ಯಪ್ಪಾ! ಸರೋಜಿನಿಗೆ ನೆಲ ಬಾಯಿ ಬಿಟ್ಟ ಹಾಗಾಯಿತು. ಚೀಲ ಬಿಚ್ಚಿ ಪಟ್ಟಿ ಸುತ್ತಿದಳು. ಐದು ನಿಮಿಷ ಕಾಯಬೇಕು ಅನ್ನುವುದು ನೆನಪಿತ್ತು, ಕಾದಳು. ಅಷ್ಟು ಉದ್ದದ ಐದು ನಿಮಿಷ ಆಕೆಯ ಜನ್ಮದಲ್ಲಿ ಬಂದಿರಲಿಲ್ಲ. ಗುರ್ ಅಂತ ಪಟ್ಟಿ ಉಬ್ಬಿತು. ನಿಲ್ಲಲಿಲ್ಲ, ಇನ್ನೂ ಉಬ್ಬಿತು. ಇಳಿದಾಗ ಗಾಜಿನ ಮೇಲೆ ನಿಂತ ಅಂಕಿ: ಇನ್ನೂರಾ ನಾಲ್ಕು. ಕೆಳಗೆ ನೂರಾ ಇಪ್ಪತ್ತೆರಡು.

ಪ್ರಾಚಿ ನೀರಿನ ಬಾಟಲಿ ಹಿಡಿದು ಓಡಿ ಬಂದಳು. "ಬೆಟ್ಟದ ತಲೆನೋವಿರಬೇಕು ಕಾಕೂ, ಬಹಳ ಮಂದಿಗೆ ಬರುತ್ತದೆ. ಬಿಪಿ ಕಿತಿ ಆಲಂ, ಎಷ್ಟು ಬಂತು?"

ನೂರಾ ನಲವತ್ತು ಅನ್ನುವುದು ನಾಲಿಗೆಯ ತುದಿಯಲ್ಲಿತ್ತು. ಅಭ್ಯಾಸ ಅನ್ನುವುದು ಎಂಥ ಕೆಟ್ಟದ್ದು ನೋಡಿ, ಆ ಹೊತ್ತಿನಲ್ಲೂ ನಾಲಿಗೆ ಅತ್ತಲೇ ಹೊರಳಿತ್ತು. ಸರೋಜಿನಿ ಗಂಡನ ಮುಖ ನೋಡಿದಳು. ಮಿಷನ್ನನ್ನೇ ಎತ್ತಿ ಪ್ರಾಚಿಯ ಕಣ್ಣ ಮುಂದೆ ಹಿಡಿದಳು.

ಪ್ರಾಚಿಯ ಮುಖ ಬಿಳಿಚಿತು. "ನಿನ್ನೆ ನೂರಾ ಮೂವತ್ತಾರಿತ್ತಲ್ಲ?"

"ಇರಲಿಲ್ಲವ್ವಾ," ಅಂದಳು ಸರೋಜಿನಿ. ಮರಾಠಿ, ಹಿಂದಿ ಎಲ್ಲ ಮರೆತು ಕನ್ನಡದಲ್ಲೇ ಅಂದಳು, ಆಮೇಲೆ ಹಿಂದಿಯಲ್ಲಿ ಮತ್ತೆ ಹೇಳಿದಳು. "ನೂರಾ ಅರವತ್ನಾಲ್ಕಿತ್ತು. ಮನೆಯಲ್ಲೂ ಯಾವತ್ತೂ ನೂರಾ ಮೂವತ್ತು ಇರಲಿಲ್ಲ. ನೋಟುಬುಕ್ಕಿನಲ್ಲಿ ಎಲ್ಲ ನಾನೇ ಬರೆದದ್ದು. ಎಲ್ಲಾ ಸುಳ್ಳು."

ರೇವಪ್ಪ ಬಂಡೆಯ ಮೇಲೆ ಕೂತೇ ಇದ್ದ. ಕೇಳಿಸಿಕೊಂಡ.

ಪ್ರಾಚಿ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ತನ್ನ ಮಿಷನ್ನಿನಿಂದ ಇನ್ನೊಮ್ಮೆ ನೋಡಿದಳು, ಎರಡು ಅಂಕಿ ಅತ್ತಿತ್ತ ಅದೇ ಬಂತು. ಪಾರ್ಶ್ವವಾಯು ಬಡಿದಿದೆಯೇ ಅಂತ ನೋಡಲು ರೇವಪ್ಪನಿಗೆ ನಗಲು ಹೇಳಿದಳು, ಎರಡೂ ಕೈ ಎತ್ತಿ ಹಿಡಿಯಲು ಹೇಳಿದಳು, ಹೆಸರು ಊರು ಕೇಳಿದಳು. ಬಾಯಿ ಸೊಟ್ಟ ಆಗುತ್ತದೋ, ಒಂದು ಕೈ ಜಾರುತ್ತದೋ ಅಂತ ಸರೋಜಿನಿ ಉಸಿರು ಬಿಗಿಹಿಡಿದು ನೋಡಿದಳು. ಕೈ ಜಾರಲಿಲ್ಲ. "ಇನ್ನೊಂದು ಗುಳಿಗಿ ಕೊಡ್ಲೇನು? ಎರಡು ಕೊಡ್ಲೇನು?" ಅಂತ ಅಂಗಲಾಚಿದಳು.

"ಬೇಡ! ಒಮ್ಮೆಲೆ ಇಳಿಸಿದರೆ ಮೆದುಳಿಗೆ ರಕ್ತ ಸಾಲದೆ ಇನ್ನೂ ಅನಾಹುತ ಆಗುತ್ತದೆ. ಅದು ಡಾಕ್ಟರ ಕೆಲಸ. ನಮ್ಮ ಕೆಲಸ ಇಳಿಯುವುದು, ಈಗಲೇ." ಪ್ರಾಚಿ ಆಮ್ಲಜನಕದ ಸಿಲಿಂಡರ್ ತರಿಸಿ ಮೂಗಿಗೆ ಹಚ್ಚಿದಳು, ಹೊರುವವರನ್ನು ಕರೆದಳು, ಮಡಚುವ ಸ್ಟ್ರೆಚರ್ ಬಿಚ್ಚಿಸಿದಳು. ಉಳಿದ ತಂಡವನ್ನು ಗೈಡಿಗೆ ಒಪ್ಪಿಸಿ ಹೊರಡುವಾಗ ಸರೋಜಿನಿ ಕಡೆ ತಿರುಗಿ ಒಂದೇ ಮಾತು ಹೇಳಿದಳು. "ನೀವು ನೂರಾ ನಲವತ್ತು ಅಂದಿದ್ದರೆ ನಾನು ತಲೆನೋವಿನ ಗುಳಿಗೆ ಕೊಟ್ಟು ಇವತ್ತು ಇಲ್ಲೇ ಮಲಗಿಸುತ್ತಿದ್ದೆ ಕಾಕೂ."

ಆ ಇಳಿಜಾರನ್ನು ಸರೋಜಿನಿ ಹೇಗೆ ಇಳಿದಳೋ ಆಕೆಗೇ ಗೊತ್ತಿಲ್ಲ. ನಾಲ್ವರು ಸ್ಟ್ರೆಚರ್ ಹೊತ್ತು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಿದ್ದರೆ ಈಕೆ ಪಕ್ಕದಲ್ಲಿ ಎಡವುತ್ತ ಓಡುತ್ತಿದ್ದಳು. ಬೆಳಿಗ್ಗೆ ಮೊಣಕಾಲಿಗಿದ್ದ ಹೊಳೆ ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ತೊಡೆಯ ತನಕ ಬಂದಿತ್ತು. ನಡು ನೀರಿನಲ್ಲಿ ಹೊರುವವನೊಬ್ಬನ ಕಾಲು ಜಾರಿ ಸ್ಟ್ರೆಚರ್ ವಾಲಿತು. ಸರೋಜಿನಿ ಕಿರುಚಿದ ಕಿರುಚಿಗೆ ಕಣಿವೆ ಮರುದನಿಕೊಟ್ಟಿತು. ಬೀಳಲಿಲ್ಲ. ಹತ್ತು ಹತ್ತು ನಿಮಿಷಕ್ಕೆ ಪ್ರಾಚಿ "ಕಾಕಾ, ಹೆಸರೇನು?" ಅಂತ ಕೇಳುತ್ತಿದ್ದಳು. ಉತ್ತರ ಅರೆಕ್ಷಣ ತಡವಾದರೂ ಸರೋಜಿನಿಯ ಜೀವ ಬಾಯಿಗೆ ಬರುತ್ತಿತ್ತು. ಮಾತು ನಿಂತುಬಿಟ್ಟರೆ? ಇವತ್ತು ನಿಂತರೆ, ಕೊನೆಯದಾಗಿ ಈತ ತನ್ನಿಂದ ಕೇಳಿದ ಖರೆ ಮಾತು ಯಾವುದು?

ಒಮ್ಮೆ ಆತನೇ ಕಣ್ಣು ತೆರೆದ. "ವಾಳೂಜಿನಿಂದ ಬಂದ ಮ್ಯಾಲೆ ಎಷ್ಟ ಇರ್ತಿತ್ತು?"

"ನೂರಾ ಐವತ್ತು. ಐವತ್ತೈದು. ಒಂದಿನ ಅರವತ್ತು."

ಆತ ಮುಖವನ್ನು ಆ ಕಡೆಗೆ ತಿರುಗಿಸಿದ. ಸಂಜೆ ಐದಕ್ಕೆ ಜೀಪಿನ ರಸ್ತೆ ಮುಟ್ಟುವ ತನಕ ಪ್ರಾಚಿಗೆ ಮಾತ್ರ ಉತ್ತರ ಕೊಟ್ಟ.

ಮನಾಲಿಯ ಆಸ್ಪತ್ರೆಗೆ ಸೇರಿಸಿದಾಗ ನೂರಾ ಎಂಬತ್ತಕ್ಕೆ ಇಳಿದಿತ್ತು. ಅಲ್ಲಿನ ಡಾಕ್ಟರು ನಿಧಾನಕ್ಕೆ, ಗಂಟೆಗಿಷ್ಟು ಅಂತ ಔಷಧಿ ಕೊಟ್ಟು ಇಳಿಸಿದರು. ಪಾರ್ಶ್ವವಾಯು ಆಗಿರಲಿಲ್ಲ. ಎರಡೆರಡು ಕಾಣುವುದು ನಿಂತಿತು. ಆದರೆ ಎಡಗಣ್ಣಿನ ಪರದೆಯಲ್ಲಿ ಸಣ್ಣದಾಗಿ ರಕ್ತ ಒಸರಿತ್ತು. ಅಂಚಿನಲ್ಲಿ ಒಂದು ಕಪ್ಪು ಮಚ್ಚೆ ಇರುತ್ತದೆ, ಹೋಗಲು ತಿಂಗಳುಗಳು ಬೇಕು ಅಂದರು.

ಮರುದಿನ ಬೆಳಿಗ್ಗೆ ಸರೋಜಿನಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾಶಿಕಕ್ಕೆ ಫೋನು ಮಾಡಿದಳು. ಎಲ್ಲ ಹೇಳಿದಳು. ಬೈಗುಳಕ್ಕೆ ತಯಾರಾಗಿದ್ದಳು. ಡಾಕ್ಟರು ಬೈಯುವ ಬದಲು ಒಂದು ಪ್ರಶ್ನೆ ಕೇಳಿದರು.

"ಖರೆ ಅಂಕಿ ತೋರಿಸಿದ್ದರೆ ಏನು ಮಾಡುತ್ತಿದ್ದೆ ಗೊತ್ತೇನಮ್ಮಾ?"

"ಸಹಿ ಹಾಕ್ತಿರಲಿಲ್ಲ."

"ಆವತ್ತು ಹಾಕುತ್ತಿರಲಿಲ್ಲ. ಇನ್ನೊಂದು ಗುಳಿಗೆ ಸೇರಿಸುತ್ತಿದ್ದೆ. ನಿಮ್ಮ ಕೈಯಲ್ಲಿ ಇನ್ನೂ ನಾಲ್ಕು ವಾರ ಇತ್ತು. ಅಷ್ಟರಲ್ಲಿ ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತಿತ್ತು, ಹೃದಯ ಗಟ್ಟಿ ಇದೆ, ಮೂತ್ರಪಿಂಡ ಚೆನ್ನಾಗಿವೆ. ಆಮೇಲೆ ಸಹಿ ಹಾಕುತ್ತಿದ್ದೆ. ಆತ ಇವತ್ತು ಮೇಲೆ ಹಿಮದಲ್ಲಿ ನಿಂತಿರುತ್ತಿದ್ದನಮ್ಮಾ."

ಆ ಹೊತ್ತಿಗೆ ತಂಡದ ಉಳಿದವರು ಹಿಮದ ಮೇಲೆ ನಿಂತಿದ್ದಿರಬೇಕು. ಸರೋಜಿನಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಬರುವವರು ಹೋಗುವವರು ಯಾರೋ ತೀರಿಕೊಂಡರು ಅಂದುಕೊಂಡರು.

ಒಳಗೆ ಹೋಗಿ ಅದನ್ನೂ ಗಂಡನಿಗೆ ಹೇಳಿದಳು. ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಅಷ್ಟರಮಟ್ಟಿಗೆ ಆಕೆಯನ್ನು ನಾನು ಮೆಚ್ಚುತ್ತೇನೆ. ರೇವಪ್ಪ ಕಿಟಕಿಯಾಚೆ ನೋಡುತ್ತ, "ಆಗಸ್ಟಿಗೆ ಐವತ್ತೈದು," ಅಂದ. ಬಯ್ಯಲಿಲ್ಲ. ಆಮೇಲೆಯೂ ಯಾವತ್ತೂ ಬಯ್ಯಲಿಲ್ಲ.

ಸಂಭಾಜಿನಗರಕ್ಕೆ ಬಂದ ಮೇಲೆ ಜೀವನ ಮೊದಲಿನಂತೆ ನಡೆಯಿತು. ಡಾಕ್ಟರು ಎರಡನೇ ಗುಳಿಗೆ ಸೇರಿಸಿದರು. ಸರೋಜಿನಿ ಫಾರ್ಮು ತುಂಬುವುದನ್ನು ಬಿಟ್ಟಳು. ಬಂದವರಿಗೆ ಪೆನ್ನು ಕೊಟ್ಟು "ಇದ್ದದ್ದ ಬರೀರಿ" ಅನ್ನುತ್ತಾಳೆ, ಮಂದಿಗೆ ಇದು ಸೊಕ್ಕಿನ ಹಾಗೆ ಕಾಣುತ್ತದೆ. ಐದನೇ ವಾರದ ಒಂದು ಸಂಜೆ, ರೇವಪ್ಪ ವಾಳೂಜಿನಿಂದ ಬಂದು, ಕಾಲು ತೊಳೆದು, ಅದೇ ಕುರ್ಚಿಗೆ ಒರಗಿ ಕೂತ. ಆಕೆ ಪಟ್ಟಿ ಸುತ್ತಿದಳು. ಗುರ್ ಅಂತ ಉಬ್ಬಿತು, ಟುಸ್ ಅಂತ ಇಳಿಯಿತು. ಅಂಕಿ ನೋಡಿ ಆಕೆಯ ಕಣ್ಣು ತುಂಬಿತು. ನೂರಾ ಇಪ್ಪತ್ತೆಂಟು, ಎಂಬತ್ತೆರಡು. ಆಗ ತಾನು ಸುಳ್ಳೇ ಬರೆದಿದ್ದ ಅಂಕಿ, ಈಗ ತಾನಾಗಿಯೇ ಬಂದಿತ್ತು.

"ಚಲೋ ಐತ್ರಿ," ಅಂದಳು. "ಖರೇನ ಚಲೋ ಐತಿ."

ರೇವಪ್ಪ ಕಣ್ಣು ಮುಚ್ಚಿರಲಿಲ್ಲ. ಪಟ್ಟಿ ಉಬ್ಬಿದಾಗಿನಿಂದ ತೆರೆದೇ ಇದ್ದ. ಆಕೆಯ ಕೈಯಿಂದ ಮಿಷನ್ನು ತೆಗೆದುಕೊಂಡು, ಎಡಗಣ್ಣಿನ ಮಚ್ಚೆ ಅಡ್ಡ ಬರದಂತೆ ಕತ್ತು ಸ್ವಲ್ಪ ವಾಲಿಸಿ, ಅಂಕಿಯನ್ನು ತಾನೇ ಓದಿದ. ಆಮೇಲೆ ನೋಟುಬುಕ್ಕು ಎಳೆದುಕೊಂಡು ತಾನೇ ಬರೆದ.